ಡಬ್ಬಾ ಉತ್ತರ

ಗಣಿತದ ಮೇಷ್ಟ್ರಿಗೆ ನಗಿಸುವ ಚಟ. ಲೆಕ್ಕ ಹೇಳಿಕೊಡುವುದಕ್ಕಿಂತ ಅದರಲ್ಲೇ ಅವರಿಗೆ ಹೆಚ್ಚು ಹೆಸರು. ನಗು ಬಂತೆಂದರೆ ಪಾಠ ಬಂದಂತೆ ಅಂತ ತಾವೇ ಹೇಳಿಕೊಂಡು ಹದಿನೇಳು ವರ್ಷ ತಳ್ಳಿದ್ದರು. ಯಾರ ಮೇಲೆ ನಗು ಅನ್ನುವುದನ್ನು ಮಾತ್ರ ಅವರು ಯಾವತ್ತೂ ಎಣಿಸಿದವರಲ್ಲ.

ಆ ವಾರದ ಪರೀಕ್ಷೆಯಲ್ಲಿ ಆರು ಅಂಕದ ಒಂದು ಪ್ರಶ್ನೆ: 432π ಘನ ಸೆಂಟಿಮೀಟರ್ ಹಿಡಿಸುವ, ಮೇಲೂ ಕೆಳಗೂ ಮುಚ್ಚಿದ ಸಿಲಿಂಡರ್ ಡಬ್ಬ ಮಾಡಬೇಕು, ಅತಿ ಕಡಿಮೆ ತಗಡು ಹಿಡಿಯಬೇಕಾದರೆ ಅದರ ತ್ರಿಜ್ಯ ಎಷ್ಟು, ಎತ್ತರ ಎಷ್ಟು? ಅದೇ ಕನಿಷ್ಠ ಎಂದು ಸಾಧಿಸಿ. ಮೇಷ್ಟ್ರು ಕಲಿಸಿದ ದಾರಿ ಒಂದೇ. ತಗಡಿನ ವಿಸ್ತೀರ್ಣವನ್ನು ತ್ರಿಜ್ಯದಲ್ಲಿ ಬರೆ, ಡೆರಿವೇಟಿವ್ ತೆಗೆ, ಸೊನ್ನೆ ಮಾಡು, ಆಮೇಲೆ ಸೆಕೆಂಡ್ ಡೆರಿವೇಟಿವ್ ಧನ ಅಂತ ತೋರಿಸು. ತ್ರಿಜ್ಯ ಆರು, ಎತ್ತರ ಹನ್ನೆರಡು. ಮುಗಿಯಿತು.

ಮೊದಲ ಬೆಂಚಿನ ಕನ್ನಡಕದ ಹುಡುಗಿಯ ಉತ್ತರ ಪತ್ರಿಕೆಯಲ್ಲಿ ಆರು, ಹನ್ನೆರಡು ಎರಡೂ ಇದ್ದವು. ಡೆರಿವೇಟಿವ್ ಮಾತ್ರ ಹುಡುಕಿದರೂ ಇರಲಿಲ್ಲ. ಬದಲಿಗೆ ವಿಸ್ತೀರ್ಣವನ್ನು ಮೂರು ತುಂಡು ಮಾಡಿ ಏನೋ ಗುಣಿಸಿದ್ದಳು. ಮೇಷ್ಟ್ರಿಗೆ ಇನ್ನೂ ಐವತ್ತು ಪತ್ರಿಕೆ ಬಾಕಿ. 'ಉತ್ತರ ಸರಿ, ದಾರಿ ಇಲ್ಲ ಅಂದರೆ ಪಕ್ಕದವರದ್ದು ನೋಡಿ ಬರೆದದ್ದೇ' ಎಂದುಕೊಂಡು ಕೆಂಪು ಪೆನ್ನಿನಲ್ಲಿ ಅಡ್ಡ ಗೀಟು ಎಳೆದು, ಎರಡು ಅಂಕ ಹಾಕಿದರು. ಸುಮ್ಮನಿದ್ದರೆ ಅಷ್ಟಕ್ಕೇ ಹೋಗುತ್ತಿತ್ತು. ಆದರೆ ಚಟ ಸುಮ್ಮನಿರಬೇಕಲ್ಲ! ಮೇಲಿನ ಪ್ರಶ್ನೆ, ಕೆಳಗಿನ ಉತ್ತರ, ತಮ್ಮ ಕೆಂಪು ಗೀಟು ಮೂರೂ ಬರುವಂತೆ ಫೋಟೋ ತೆಗೆದು ಗಣಿತ ಶಿಕ್ಷಕರ ಗುಂಪಿಗೆ ಹಾಕಿ, 'ಡಬ್ಬದ ಲೆಕ್ಕಕ್ಕೆ ಡಬ್ಬಾ ಉತ್ತರ' ಅಂತ ಬರೆದರು. ನಗುವ ಮುಖಗಳು ಸಾಲುಗಟ್ಟಿ ಬಂದವು.

ಮರುದಿನ ಬೆಳಿಗ್ಗೆ ಪತ್ರಿಕೆ ಹಂಚುವಾಗ ಅದೇ ಮಾತನ್ನು ತರಗತಿಗೂ ಬಡಿಸಿದರು.

"ಎದ್ದೇಳಮ್ಮ. ಇದೇನಿದು, ಡಬ್ಬದ ಲೆಕ್ಕಕ್ಕೆ ಡಬ್ಬಾ ಉತ್ತರ! ಯಾರ್ದು ನೋಡಿ ಬರ್ದೆ?"

"ನಾನೇ ಬರ್ದಿದ್ದು ಸರ್."

"ಹೌದೌದು, ಆಕಾಶದಿಂದ ಉದುರ್ತು."

ತರಗತಿ ಹೋ ಎಂದು ನಕ್ಕಿತು. ಬೆಲ್ ಹೊಡೆಯುವಷ್ಟರಲ್ಲಿ ಹಿಂದಿನ ಬೆಂಚಿನವರು ಅವಳಿಗೆ 'ಡಬ್ಬಾ' ಅಂತ ಹೆಸರಿಟ್ಟಾಗಿತ್ತು. ಅಂತರ ಶಾಲಾ ಗಣಿತ ಸ್ಪರ್ಧೆಗೆ ಈ ಪರೀಕ್ಷೆಯಲ್ಲಿ ಮುಂದೆ ಬಂದ ಇಬ್ಬರ ಹೆಸರು ಅಂದೇ ನಾಲ್ಕು ಗಂಟೆಗೆ ಆಫೀಸಿಗೆ ಹೋಗಬೇಕಿತ್ತು. ಆ ನಾಲ್ಕು ಅಂಕ ಹೋದದ್ದಕ್ಕೆ ಹುಡುಗಿ ಮೂರನೆಯವಳಾದಳು.

ಬಿಡುವಿನಲ್ಲಿ ಟೀ ಹಿಡಿದು ಕೂತಾಗ ಮೇಷ್ಟ್ರ ಫೋನ್ ಸದ್ದು ಮಾಡಿತು. ಗುಂಪಿನಲ್ಲಿ ವರ್ಷಕ್ಕೊಂದು ಮಾತೂ ಆಡದ ಹಿರಿಯ ಮೇಡಂ ಬರೆದಿದ್ದರು. ಮೇಷ್ಟ್ರಿಗೆ ಕಾಲೇಜಿನಲ್ಲಿ ಗಣಿತ ಕಲಿಸಿದವರು, ಈಗ ನಿವೃತ್ತರು. 'ಇದು ಪೂರ್ತಿ ಸರಿ ಇದೆ ಕಣಪ್ಪ. ನಿನ್ನ ಗೀಟಿನ ಕೆಳಗೆ ಏನಿದೆ ಅಂತ ಓದು.'

ಪತ್ರಿಕೆ ಹುಡುಗಿಯ ಬಳಿ ಇತ್ತು. ಮೇಷ್ಟ್ರು ಫೋಟೋವನ್ನೇ ಎರಡು ಬೆರಳಲ್ಲಿ ಹಿಗ್ಗಿಸಿ, ತಮ್ಮದೇ ಕೆಂಪು ಗೀಟಿನ ಆಚೀಚೆ ಇಣುಕಿ ಓದಬೇಕಾಯಿತು. ತಗಡಿನ ವಿಸ್ತೀರ್ಣ 2πr² + 864π/r. ಅವಳು 864ನ್ನು ಎರಡು ಸಮಪಾಲು ಮಾಡಿ 2πr², 432π/r, 432π/r ಎಂದು ಮೂರು ತುಂಡು ಬರೆದಿದ್ದಳು. ಮೂರನ್ನೂ ಗುಣಿಸಿದರೆ r ಹೊಡೆದುಹೋಗಿ ಬರೀ ಒಂದು ಸಂಖ್ಯೆ ಉಳಿಯುತ್ತದೆ: 72π ಎಂಬುದರ ಘನ. ಮೂರು ಧನ ಸಂಖ್ಯೆಗಳ ಸರಾಸರಿ ಅವುಗಳ ಗುಣಲಬ್ಧದ ಘನಮೂಲಕ್ಕಿಂತ ಎಂದೂ ಕಡಿಮೆಯಾಗದು. ಅಂದಮೇಲೆ ಮೂರರ ಮೊತ್ತ 216πಗಿಂತ ಕೆಳಗೆ ಇಳಿಯುವ ಹಾಗೇ ಇಲ್ಲ. ಸಮವಾಗುವುದು ಮೂರೂ ತುಂಡು ಒಂದೇ ಆದಾಗ, ಅಂದರೆ r ಘನ 216 ಆದಾಗ. r ಆರು. ಎತ್ತರ ಹನ್ನೆರಡು.

ಡೆರಿವೇಟಿವ್ ಇಲ್ಲದೆಯೇ, ಯಾವ ತ್ರಿಜ್ಯ ತಂದರೂ ಇದಕ್ಕಿಂತ ಕಡಿಮೆ ತಗಡಿನಲ್ಲಿ ಆಗದು ಅಂತ ನಾಲ್ಕು ಸಾಲಿನಲ್ಲಿ ಮುಗಿಸಿದ್ದಳು. ಮೇಷ್ಟ್ರು ವರ್ಷಾನುಗಟ್ಟಲೆ ಆರರ ಹತ್ತಿರ ಮಾತ್ರ ಸೆಕೆಂಡ್ ಡೆರಿವೇಟಿವ್ ನೋಡಿ 12π ಬಂತು, ಧನ, ಮುಗಿಯಿತು ಅನ್ನುತ್ತಿದ್ದರು. ಅದರಿಂದ ಗೊತ್ತಾಗುವುದು ಆರರ ಆಸುಪಾಸಿನ ಮಾತಷ್ಟೇ. ಎಲ್ಲ r ಗೂ ಅದು ಧನ ಅಂತ ತೋರಿಸಿದರೆ ಸಾಧನೆ ಪೂರ್ತಿ. ಆ ಒಂದು ಸಾಲನ್ನು ಅವರು ಯಾವತ್ತೂ ಬರೆದವರಲ್ಲ. ನಾಚಿಕೆಯಿಂದ ಪಕ್ಕದ ಮೇಜಿನ ಇತಿಹಾಸದ ಮೇಡಂ ಕಡೆಗೂ ತಿರುಗಲು ಆಗಲಿಲ್ಲ, ಪಾಪ ಆಕೆಗೆ ಇದೇನೂ ಗೊತ್ತಿರದಿದ್ದರೂ.

ಈಗಲಾದರೂ ನೆಟ್ಟಗೆ ನಡೆದರೇ? ಎಲ್ಲಿ! ಮಧ್ಯಾಹ್ನ ಕಾರಿಡಾರಿನಲ್ಲಿ ಹುಡುಗಿಯನ್ನು ನಿಲ್ಲಿಸಿ, ಪತ್ರಿಕೆ ಇಸಕೊಂಡು, ಗೋಡೆಗೆ ಒತ್ತಿ ಎರಡನ್ನು ಆರು ಮಾಡಿ ಕಳ್ಳನ ಹಾಗೆ ಸಹಿ ಹಾಕಿದರು.

"ಕೂಡೋದ್ರಲ್ಲಿ ಸ್ವಲ್ಪ ತಪ್ಪಾಗಿತ್ತಮ್ಮ. ಈಗ ನೀನು ಎರಡನೆಯವಳು. ಸ್ಪರ್ಧೆಗೆ ನಿನ್ನ ಹೆಸರು ಕೊಡ್ತೀನಿ."

ಹುಡುಗಿ ಪತ್ರಿಕೆ ನೋಡಿದಳು. ಕೆಂಪು ಗೀಟು ಹಾಗೇ ಇತ್ತು.

"ಥ್ಯಾಂಕ್ಸ್ ಸರ್. ಆದ್ರೆ… ನನ್ನ ಪ್ರೂಫ್ ತಪ್ಪಾ ಸರ್?"

"ಇಲ್ಲ ಇಲ್ಲ, ಪರ್ವಾಗಿಲ್ಲ."

"ಪರ್ವಾಗಿಲ್ಲ ಅಂದ್ರೆ ಸರಿ ಅಂತಾನಾ, ತಪ್ಪು ಅಂತಾನಾ?"

ಅಷ್ಟರಲ್ಲಿ ಅವಳ ಹಿಂದಿನಿಂದ ಯಾರೋ "ಏ ಡಬ್ಬಾ, ಬಾರೇ!" ಎಂದು ಕೂಗಿದರು. ಹುಡುಗಿ ತಿರುಗಿ "ಬಂದೆ" ಅಂದಳು. ಅಷ್ಟು ಹೊತ್ತಿಗೆ ಆ ಹೆಸರಿಗೆ ಓಗೊಡುವುದನ್ನು ಕಲಿತುಬಿಟ್ಟಿದ್ದಳು! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಮೇಷ್ಟ್ರ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಂಕವನ್ನಾದರೆ ತಿದ್ದಬಹುದು.

"ಸರಿ ಅಂತ ಕಣಮ್ಮ," ಎಂದರು. "ತಪ್ಪು ನಂದು. ನಾನು ಓದ್ಲೇ ಇಲ್ಲ. ಕೂಡೋದ್ರಲ್ಲಿ ತಪ್ಪು ಅಂದದ್ದೂ ಸುಳ್ಳು."

ಹೆಸರು ನಾಲ್ಕಕ್ಕೆ ಮೊದಲೇ ಆಫೀಸಿಗೆ ಹೋಯಿತು. ಗುಂಪಿನಲ್ಲಿ 'ನಾನು ಓದದೆ ನಕ್ಕೆ, ಉತ್ತರ ಪೂರ್ತಿ ಸರಿ' ಅಂತ ಹಾಕಿದರು. ಈ ಸಲ ಯಾವ ಮುಖವೂ ಬರಲಿಲ್ಲ. ಕೊನೆಯ ಪಿರಿಯಡ್ಡಿನಲ್ಲಿ ಇಡೀ ತರಗತಿಯ ಮುಂದೆ ನಿಂತು ಹೇಳಿದರು: "ಬೆಳಿಗ್ಗೆ ನಾನು ಆಡಿದ ಮಾತು ತಪ್ಪು. ಇವಳು ಯಾರ್ದೂ ನೋಡಿ ಬರೆದಿಲ್ಲ. ಇವಳ ಸಾಧನೆ ನಾನು ಹೇಳಿಕೊಟ್ಟಿದ್ದಕ್ಕಿಂತ ಚೆನ್ನಾಗಿದೆ. ಬಾಮ್ಮ, ಬೋರ್ಡ್ ಮೇಲೆ ಬರಿ."

ಹುಡುಗಿ ಬಂದು ಸೀಮೆಸುಣ್ಣ ತೆಗೆದುಕೊಂಡು ದುಂಡಗೆ ಬರೆದಳು. ಡೆರಿವೇಟಿವ್ ತೆಗೆದಳು, ಸೊನ್ನೆ ಮಾಡಿದಳು, ಸೆಕೆಂಡ್ ಡೆರಿವೇಟಿವ್ ಬರೆದು ಧನ ಎಂದು ಕೆಳಗೆ ಗೆರೆ ಎಳೆದಳು.

"ಇದು ನಂದಮ್ಮ. ನಿಂದು ಬರಿ."

"ಅದು ಮರೆತ್ಹೋಯ್ತು ಸರ್."

ನಿನ್ನೆ ಮೊನ್ನೆ ಬರೆದದ್ದು ಮರೆಯುವುದುಂಟೇ! ಮೇಷ್ಟ್ರು ಜೇಬಿನಿಂದ ಫೋನ್ ತೆಗೆದು, ಫೋಟೋ ನೋಡಿಕೊಂಡು, ತಾವೇ ಬೋರ್ಡಿನ ಇನ್ನೊಂದು ಬದಿಯಲ್ಲಿ ಅವಳ ಮೂರು ತುಂಡು ಬರೆದರು. ಬೇಕೆಂದೇ ಅಲ್ಲಿಗೆ ನಿಲ್ಲಿಸಿದರು.

"864ನ್ನ ಎರಡು ಪಾಲು ಯಾಕೆ ಮಾಡ್ದೆ? ನಂಗೆ ಹೇಳ್ಕೊಡು."

ಹುಡುಗಿ ಅವರಿಗಷ್ಟೇ ಕೇಳುವಂತೆ ಪಿಸುಗುಟ್ಟಿದಳು: "ಗುಣಿಸಿದಾಗ r ಹೋಗ್ಬೇಕಲ್ಲ ಸರ್, ಅದಕ್ಕೆ."

"ಅದನ್ನೇ ಜೋರಾಗಿ ಹೇಳಮ್ಮ, ಎಲ್ರಿಗೂ ಕೇಳ್ಲಿ."

"ಬೇಡ ಸರ್," ಅಂದಳು ಹುಡುಗಿ. "ನಗ್ತಾರೆ."