ಸಾಲಿನ ಎತ್ತರ

ನಾಗಪುರದ ಕನ್ನಡ ಸಂಘಕ್ಕೆ 2006ರಲ್ಲಿ ವೆಬ್‌ಪುಟ ಮಾಡಿಕೊಟ್ಟವಳು ಯಶಸ್ವಿನಿ. ಕನ್ನಡ ಮಾತು ಅವಳಿಗೆ ಚೆನ್ನಾಗಿ ಬರುತ್ತಿತ್ತು, ಓದು ಮಾತ್ರ ಅಷ್ಟಕ್ಕಷ್ಟೆ. ಹಾಗಾಗಿ ತನ್ನ ಕಚೇರಿಯ ಮರಾಠಿ ಪುಟವನ್ನೇ ನಕಲು ಮಾಡಿ, ಅದರ ಫಾಂಟ್ ಪಟ್ಟಿಯನ್ನೂ ಸಾಲಿನ ಎತ್ತರವನ್ನೂ ಮುಟ್ಟದೆ, ಒಳಗೆ ಸಂಘದವರು ಕೊಟ್ಟ ಕನ್ನಡ ಬರಹ ತುಂಬಿದ್ದಳು.

ರೈಲ್ವೆಯಿಂದ ನಿವೃತ್ತರಾಗಿದ್ದ ಅಪ್ಪ ಶಂಕರಪ್ಪ ದಿನಾ ಅದನ್ನು ಓದಲು ಕೂರುತ್ತಿದ್ದರು.

"ಅಕ್ಷರದ ಕೆಳಗಿಂದು ಕಾಣವಲ್ದವಾ."

"ಕಣ್ಣು ತೋರಿಸೋಣ ನಡಿ ಅಪ್ಪಾ, ಜಲ್ದಿ."

ಎರಡು ಸಲ ಕನ್ನಡಕ ಬದಲಾಯಿತು. ಆಮೇಲೆ ಅವರು ಕಂಪ್ಯೂಟರಿನ ಮುಂದೆ ಕೂರುವುದನ್ನೇ ಬಿಟ್ಟರು.

ಅವರು ತೀರಿಕೊಂಡ ಮೂರನೆಯ ದಿನ ಸಂಘದ ಶ್ರದ್ಧಾಂಜಲಿಯನ್ನು ಅವಳೇ ಪುಟಕ್ಕೆ ಹಾಕಬೇಕಾಯಿತು. ಅವಳು ತಪ್ಪಿಲ್ಲದೆ ಬರೆಯುತ್ತಿದ್ದ ಕನ್ನಡ ಪದ ಒಂದೇ, ಅಪ್ಪನ ಹೆಸರು. ಪರದೆಯ ಮೇಲೆ ಅದರ ಕೊನೆಯ ಒತ್ತು ಇರಲಿಲ್ಲ. ಹದಿನಾರು ಪಿಕ್ಸೆಲ್ ಎತ್ತರದ ಸಾಲಿನ ಚೌಕಟ್ಟು ಅದನ್ನು ಕತ್ತರಿಸಿ ಹಾಕಿತ್ತು.

ಫಾಂಟ್ ಪಟ್ಟಿಯ ಮೊದಲಿಗೆ ತುಂಗಾ ಎಂಬ ಕನ್ನಡ ಫಾಂಟ್ ಸೇರಿಸಿದಳು. ಸಾಲನ್ನೂ ಚೌಕಟ್ಟನ್ನೂ ಇಪ್ಪತ್ತಾರಕ್ಕೆ ಏರಿಸಿದಳು. ಪುಟದ ತುಂಬ ಒತ್ತುಗಳು ಕಾಣಿಸಿಕೊಂಡವು.

ಎರಡನೆಯ ಕನ್ನಡಕ ಕೀಬೋರ್ಡಿನ ಪಕ್ಕದಲ್ಲೇ ಇತ್ತು. ಅಪ್ಪನ ಕಣ್ಣು ಕೊನೆಯವರೆಗೂ ಬರೋಬರ್ ಇತ್ತು.