ಮೊಣಕೈ ಮತ್ತು ತಮಟೆ

ಉಷಾರಾಣಿಗೆ ಒಂದು ಸಣ್ಣ ಅಳುಕಿತ್ತು. ಯಾರಾದರೂ ನೇರವಾಗಿ ಏನಾದರೂ ಕೇಳಿದರೆ ಉತ್ತರ ಗಂಟಲವರೆಗೆ ಬಂದು, ಅಲ್ಲೇ ಚಪ್ಪಲಿ ಬಿಟ್ಟು ಕೂತುಬಿಡುತ್ತಿತ್ತು. ಬಿ.ಎ. ಮೌಖಿಕ ಪರೀಕ್ಷೆಯಲ್ಲಿ ಹೆಸರು ಕೇಳಿದ್ದಕ್ಕೇ ನೀರು ಕುಡಿದವಳು ಅವಳು. "ಇವತ್ತೂ ಹ್ಞೂಂ ಅಂದು ಬಂದೆ" ಎಂದು ಡೈರಿಯಲ್ಲಿ ಬರೆಯುವುದು, ಓದಿ ತನ್ನನ್ನು ತಾನೇ ಬೈದುಕೊಳ್ಳುವುದು ದಿನದ ಪಾಠವಾಗಿತ್ತು. ಆದರೆ ಈ ಸಲದ ಅಳುಕು ಅಷ್ಟಕ್ಕೇ ನಿಲ್ಲುವಂಥದ್ದಲ್ಲ. ಊರದೇವತೆ ಉಚ್ಚಂಗೆಮ್ಮನ ಮೆರವಣಿಗೆಯ ಒಂದು ಫೋಟೋ ಕತ್ತರಿಸುವಾಗ ತಾನು ಏನೋ ಒಂದನ್ನು ಹೆಚ್ಚಾಗಿಯೇ ಕತ್ತರಿಸಿಬಿಟ್ಟೆನೇನೋ ಎಂದು ಅವಳಿಗೆ ಅನ್ನಿಸತೊಡಗಿತ್ತು.

ಹಿರಿಯೂರಿನ ಬಸ್ ನಿಲ್ದಾಣದ ಹಿಂದೆ ಓಬಳೇಶಪ್ಪನವರ ಫೋಟೋ ಸ್ಟುಡಿಯೋ. ಮುಂದಿನ ಕೋಣೆಯಲ್ಲಿ ಪಾಸ್‌ಪೋರ್ಟ್ ಸೈಜು, ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್. ಆ ಕಂಪ್ಯೂಟರಿನಲ್ಲಿ ಊರಿನ ಹಬ್ಬ, ಉತ್ಸವ, ಉರುಸುಗಳ ಫೋಟೋ ಹಾಕುವ ಒಂದು ಬ್ಲಾಗು. ಫೋಟೋ ಓಬಳೇಶಪ್ಪನವರದು, ಕೆಳಗಿನ ಸಾಲು ಉಷಾರಾಣಿಯದು. ಬರೆಯುವವಳು ಅವಳೆಂದು ಊರಿಗೆ ಗೊತ್ತಿರಲಿಲ್ಲ. ಅದೇ ಅವಳ ಸುಖ.

ಅದು ಎರಡು ಸಾವಿರದ ಎಂಟನೇ ಇಸವಿ, ವಿಧಾನಸಭೆ ಚುನಾವಣೆ ಘೋಷಣೆಯಾಗಿ ನೀತಿ ಸಂಹಿತೆ ಬಂದಿತ್ತು. ಓಬಳೇಶಪ್ಪ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದರು.

"ನೋಡವ್ವ ಉಷಾ, ಓಟು ಮುಗಿಯೋಗಂಟ ನಮ್ಮ ಬ್ಲಾಗ್‌ನಾಗೆ ದೇವ್ರು, ಹೂವ, ಜನ, ಇಷ್ಟೇ. ಬಾವುಟ ಬ್ಯಾಡ, ಪಕ್ಷದ ಶಾಲು ಬ್ಯಾಡ, ನಿಂತಿರೋರ ಮುಖ ಬ್ಯಾಡ. ಅವ್ರು ಇವ್ರು ಅಂತ ಎರಡು ಪಂಗಡ ಮಾಡಿ ಬರೆಯದು ಮೊದ್ಲೇ ಬ್ಯಾಡ. ಯಾರಾದ್ರೂ ಕ್ಯಾಂಡಿಡೇಟು ಫೋಟೋದೊಳಗೆ ಬಂದ್ರೆ?"

"ಕತ್ತರಿಸ್ತೀನಿ" ಎಂದಳು ಉಷಾರಾಣಿ, ಕೇಳಿಸದಷ್ಟು ಮೆಲ್ಲಗೆ.

"ಭೇಷ್."

ಹೇಳುವುದು ಸುಲಭ. ಪಕ್ಷೇತರ ಅಭ್ಯರ್ಥಿ ಪಂಚಾಕ್ಷರಪ್ಪನವರು ಫೋಟೋದಿಂದ ತಪ್ಪಿಸಿಕೊಳ್ಳುವ ಪೈಕಿಯವರಲ್ಲ. ಅಡಿಕೆ, ಶೇಂಗಾ ವ್ಯಾಪಾರದಲ್ಲಿ ಕೈ ಪಳಗಿದ ಮನುಷ್ಯ. ಕ್ಯಾಮೆರಾ ಎತ್ತುವ ಮೊದಲೇ ಅದು ಎತ್ತ ತಿರುಗುತ್ತದೆಂದು ಅವರ ಮೂಗಿಗೆ ಬಡಿಯುತ್ತಿತ್ತು. ಉಚ್ಚಂಗೆಮ್ಮ ಹೊಳೆಪೂಜೆಗೆಂದು ವೇದಾವತಿಯ ದಡಕ್ಕೆ ಹೊರಟ ದಿನ ಅವರು ಪಲ್ಲಕ್ಕಿಗೆ ಭುಜ ಕೊಟ್ಟರು, ಸತ್ತಿಗೆ ಹಿಡಿದರು, ಆರತಿ ತಟ್ಟೆಗೆ ಅಡ್ಡ ಬಂದರು, ಬಾಳೆಕಂದಿನ ಹಿಂದಿನಿಂದ ಇಣುಕಿದರು. ಜೊತೆಗೆ, "ಅಮ್ಮ ವಾಪಸ್ ಗುಡಿ ಸೇರಗಂಟ ನಂದು ಉಪವಾಸ. ಹನಿ ನೀರು ಬಿಟ್ರೆ ಏನೂ ಮುಟ್ಟಲ್ಲ" ಎಂದು ಸಿಕ್ಕಸಿಕ್ಕವರಿಗೆಲ್ಲ ಸಾರಿದರು.

ಪಲ್ಲಕ್ಕಿಯ ಮುಂದೆ ಓಬಳೇಶಪ್ಪನವರು ದೊಡ್ಡ ಕ್ಯಾಮೆರಾ ಹಿಡಿದು ನಡೆದರು. ಹಿಂದೆ ಬರುವ ಜನರ ಫೋಟೋಕ್ಕೆಂದು ಉಷಾರಾಣಿಯ ಕೈಗೆ ಸಣ್ಣ ಡಿಜಿಟಲ್ ಕ್ಯಾಮೆರಾ ಕೊಟ್ಟಿದ್ದರು. ಹೀಗಾಗಿ ಮಸೀದಿ ಬೀದಿಯ ತಿರುವಿನಲ್ಲಿ ನಡೆದದ್ದನ್ನು ಕಂಡು ಫೋಟೋ ತೆಗೆದವಳು ಅವಳೊಬ್ಬಳೇ.

ಸ್ಟುಡಿಯೋಗೆ ಬಂದು ಕತ್ತರಿಸಲು ಕೂತಳು. ಪಂಚಾಕ್ಷರಪ್ಪನವರನ್ನು ತೆಗೆದರೆ ದೇವಿಯ ಎಡಗೈ ಹೋಗುತ್ತದೆ, ದೇವಿಯನ್ನು ಉಳಿಸಿದರೆ ಪಂಚಾಕ್ಷರಪ್ಪನವರ ಅರ್ಧ ಮೀಸೆ ಉಳಿಯುತ್ತದೆ. ಕತ್ತರಿಸಿ ಕತ್ತರಿಸಿ ಕೊನೆಗೆ ಹೂವಿನ ಹಾರ, ಕಾಲುಗಳು, ಒಂದು ಆಶ್ಚರ್ಯಗೊಂಡ ನಾಯಿ ಉಳಿದವು. ಮಸೀದಿ ಬೀದಿಯ ಫೋಟೋ ಮಾತ್ರ ಚೆನ್ನಾಗಿ ಬಂದಿತ್ತು. ಬಲಗಡೆ ನಿಂತಿದ್ದ ಪಂಚಾಕ್ಷರಪ್ಪನವರನ್ನು ಅವರು ನಿಂತ ಜಾಗದ ಸಮೇತ ತೆಗೆದುಹಾಕಿದಳು. ಅವರ ಒಂದು ಮೊಣಕೈ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಹೋಗಲಿ, ಮೊಣಕೈಗೆ ಯಾರು ಓಟು ಹಾಕುತ್ತಾರೆ ಎಂದುಕೊಂಡಳು. ಕತ್ತರಿಸಿದ ಫೋಟೋವನ್ನು ಅದೇ ಹೆಸರಿನಲ್ಲಿ ಉಳಿಸಿದಳು, ಹಳೆಯದು ಅಲ್ಲಿಗೆ ಅಳಿಸಿಹೋಯಿತು. ಸಣ್ಣ ಕ್ಯಾಮೆರಾದ ಕಾರ್ಡನ್ನು ಮಾರನೇ ದಿನದ ಮದುವೆಗೆಂದು ಖಾಲಿ ಮಾಡಿದಳು. ಕೆಳಗೆ ಯಾರಿಗೂ ತಾಗದ ಹಾಗೆ, ಒಂದೂ ವಿಶೇಷಣವಿಲ್ಲದೆ, ಬರೆದಳು: "ಮಸೀದಿ ಬೀದಿಯ ತಿರುವಿನಲ್ಲಿ ತಮಟೆ ಸ್ವಲ್ಪ ಹೊತ್ತು ನಿಂತಿತು."

ಮಾರನೇ ದಿನ ಬೆಳಗ್ಗೆ ಓಬಳೇಶಪ್ಪ ಕಾಫಿ ಲೋಟ ಹಿಡಿದುಕೊಂಡೇ ಓಡಿಬಂದರು.

"ಏನವ್ವ ಬರ್ದಿದೀಯ? ಊರಾಗೆ ಬೆಂಕಿ ಬೀಳೋ ಹಂಗಾಗೈತೆ!"

ದೊಡ್ಡ ಪಕ್ಷದ ಯುವ ಮುಖಂಡ ಚೇತನ್‌ಕುಮಾರ್ ಆ ಫೋಟೋ ಎತ್ತಿಕೊಂಡು ಆರ್ಕುಟ್‌ನಲ್ಲಿ ಹಾಕಿದ್ದ. ಮೇಲೆ ಒಂದು ಸಾಲು: "ಮಸೀದಿ ಮುಂದೆ ನಮ್ಮ ತಮಟೆಯ ಬಾಯಿ ಮುಚ್ಚಿಸಿದ್ದು ಯಾರು?" ಅದಕ್ಕೆ ಮೂರು ಆಶ್ಚರ್ಯ ಚಿಹ್ನೆ. ಅದೇ ಹೊತ್ತಿಗೆ ಪಂಚಾಕ್ಷರಪ್ಪನವರ ಕಡೆಯವರು ಅದೇ ಫೋಟೋವನ್ನು ಜೆರಾಕ್ಸ್ ಹೊಡೆಸಿ ಹಂಚಿದ್ದರು: "ಸೌಹಾರ್ದದ ಹರಿಕಾರ! ಮಸೀದಿಗೆ ತಮಟೆಯ ನಮನ. ಬಲಗಡೆ ಕಾಣುವ ಮೊಣಕೈ ನಮ್ಮ ಅಣ್ಣನವರದೇ."

ಫೋಟೋ ಒಂದೇ. ತಮಟೆಯವರು ತಲೆ ತಗ್ಗಿಸಿ ನಿಂತಿದ್ದಾರೆ, ಹಿಂದೆ ಮಸೀದಿಯ ಮಿನಾರು. ಉಷಾರಾಣಿ ಮತ್ತೊಮ್ಮೆ ನೋಡಿದಳು. ತಲೆ ತಗ್ಗಿಸಿದ್ದು ಯಾವುದರ ಕಡೆಗೆ ಎಂಬುದು ಫೋಟೋದಲ್ಲಿ ಇರಲೇ ಇಲ್ಲ. ಅದನ್ನು ಪಂಚಾಕ್ಷರಪ್ಪನವರ ಜೊತೆಗೇ ಕತ್ತರಿಸಿ ಎಸೆದಿದ್ದಳು.

ಹನ್ನೊಂದರ ಹೊತ್ತಿಗೆ ತಾಲ್ಲೂಕು ಕಚೇರಿಯಿಂದ ಕರೆ ಬಂತು. ನೀತಿ ಸಂಹಿತೆಯ ದೂರುಗಳನ್ನು ನೋಡಿಕೊಳ್ಳುತ್ತಿದ್ದವರು ಹನುಮಂತಯ್ಯ ಎಂಬ ಅಧಿಕಾರಿ. ಅವರ ಮೇಜಿನ ಮೇಲೆ ಚೇತನ್‌ಕುಮಾರನದೊಂದು ದೂರು, ಪಂಚಾಕ್ಷರಪ್ಪನವರದೊಂದು ದೂರು. ಎರಡರಲ್ಲೂ ಒಂದೇ ಫೋಟೋ. ಎದುರಿಗೆ ಇಬ್ಬರೂ ಕೂತಿದ್ದರು. ಗೋಡೆ ಪಕ್ಕ ಓಬಳೇಶಪ್ಪ. ಅವರ ಹಿಂದೆ, ಕ್ಯಾಲೆಂಡರಿನ ಕೆಳಗೆ, ಉಷಾರಾಣಿ.

"ಯಾವ ಗೋಡೆ ಮೇಲೆ ಅಂಟಿಸಿದ್ರಿ ಇದನ್ನ?" ಹನುಮಂತಯ್ಯ ಪೆನ್ನು ತೆಗೆದರು.

"ಗೋಡೆ ಅಲ್ಲ ಸಾರ್, ಬ್ಲಾಗು" ಎಂದರು ಓಬಳೇಶಪ್ಪ.

"ಅದು ಸರ್ಕಾರಿ ಗೋಡೆಯೋ, ಖಾಸಗಿ ಗೋಡೆಯೋ? ಖಾಸಗಿ ಆದ್ರೆ ಮಾಲೀಕರ ಒಪ್ಪಿಗೆ ಬೇಕು."

"ಕಂಪ್ಯೂಟರ್‌ನಾಗೆ ಐತೆ ಸಾರ್."

"ಕಂಪ್ಯೂಟರ್ ಯಾರ ಗೋಡೆಗೆ ಐತೆ?"

"ಮೇಜಿನ ಮೇಲೆ ಐತೆ."

ಹನುಮಂತಯ್ಯ ಪೆನ್ನಿನ ಮುಚ್ಚಳ ಹಾಕಿದರು. ಗೋಡೆ ಬರಹ, ಧ್ವನಿವರ್ಧಕ, ಕರಪತ್ರ, ವಾಹನ, ಇವಕ್ಕೆಲ್ಲ ಅವರ ಬಳಿ ನಿಯಮ ಇತ್ತು. ಮೇಜಿನ ಮೇಲಿನ ಗೋಡೆಗೆ ಇರಲಿಲ್ಲ.

"ಇರ್ಲಿ. ವಿಷ್ಯ ಇಷ್ಟು" ಎಂದರು. "ಜಾತಿ, ಧರ್ಮದ ಹೆಸರಾಗೆ ಕೆಣಕೋ ಹಂಗಿಲ್ಲ, ಓಟು ಕೇಳೋ ಹಂಗೂ ಇಲ್ಲ. ಅಂಟಿಸಿದ್ದು ಎಲ್ಲಾದ್ರೂ ಇರ್ಲಿ. ನಾಳೆ ಅಮ್ಮ ಹೊಳೆಯಿಂದ ವಾಪಸ್ ಬರ್ಬೇಕು. ಇದು ಹಿಂಗೇ ಬೆಳೆದ್ರೆ ಮಸೀದಿ ಬೀದಿಗೆ ಪರ್ಮಿಷನ್ ಕೊಡಾಕಾಗಲ್ಲ. ಪೊಲೀಸ್‌ನೋರು ಬೈಪಾಸ್ ರಸ್ತೆ ತೋರಿಸ್ತಾರೆ, ಅಲ್ಲಿಂದ ಕರ್ಕಂಡು ಹೋಗ್ರಿ."

ಓಬಳೇಶಪ್ಪ ತಲೆ ಮೇಲೆ ಕೈ ಹೊತ್ತರು. "ಲಾರಿ ರೋಡ್‌ನಾಗೆ ಅಮ್ಮನ್ನ ಕರ್ಕಂಡು ಹೋಗದಾ? ಬರಿಗಾಲಲ್ಲಿ ಹೊರೋರು ಅವ್ರೆ ಸಾರ್. ಹಳೇ ಬೀದಿಯಾಗೆ ಮನೆಮನೆ ಮುಂದೆ ಹೆಂಗಸ್ರು ನೀರು ಹಾಕಿ ತಂಪು ಮಾಡ್ತಾರೆ. ಬೈಪಾಸ್‌ನಾಗೆ ಯಾರು ಹಾಕ್ತಾರೆ?"

ನೀರು ಎಂದಾಗ ಉಷಾರಾಣಿ ಒಂದು ಹೆಜ್ಜೆ ಮುಂದೆ ಬಂದಳು. ಮತ್ತೆ ಕ್ಯಾಲೆಂಡರಿನ ಕೆಳಗೇ ಸರಿದಳು.

"ಬೈಪಾಸ್‌ಗೆ ಯಾಕೆ ಹೋಗ್ಬೇಕು?" ಚೇತನ್‌ಕುಮಾರ್ ಎದ್ದ. "ನಮ್ಮ ತಮಟೆ ಯಾರಪ್ಪನ ಮನೆ ಮುಂದೆ ಆದ್ರೂ ಬಡಿತೈತೆ. ನಿಲ್ಲಿಸಿದೋರು ಯಾರು, ಹೇಳ್ರಿ!"

"ಲೇ ತಮ್ಮ, ನಿಲ್ಲಿಸಿದ್ದಲ್ಲ, ತಾವಾಗೇ ನಿಂತಿದ್ದು" ಎಂದರು ಪಂಚಾಕ್ಷರಪ್ಪ, ಉಪವಾಸದ ದನಿಯಲ್ಲಿ. "ಭಕ್ತಿಯಿಂದ ತಲೆ ಬಾಗಿದ್ರು. ನಾನೇ ಅಲ್ಲಿದ್ದೆ. ಕಣ್ಣಾಗೆ ನೀರು ಬಂತು."

"ಮೊಣಕೈಯಿಂದ ಬಂತಾ?"

"ನೋಡ್ರಿ ಸಾರ್, ಹೆಂಗೆ ಮಾತಾಡ್ತಾನೆ!"

"ಇಬ್ರೂ ಕುಂತ್ಕಳ್ರಿ. ತಮಟೆ ಬಡಿಯೋನು ಎಲ್ಲಿ?"

ತಮಟೆಯ ಚಿಕ್ಕತಿಮ್ಮಪ್ಪ ತನ್ನ ಜೊತೆಗಾರರೊಂದಿಗೆ ಹರಿಯಬ್ಬೆಯ ಕಡೆ ಒಂದು ಮದುವೆಗೆ ಬಡಿಯಲು ಹೋಗಿದ್ದ, ಬರುವುದು ನಾಳೆಯೇ. ಅವನನ್ನು ಕೇಳಬೇಕೆಂದು ಈವರೆಗೆ ಯಾರಿಗೂ ಹೊಳೆದಿರಲಿಲ್ಲ. ನಿಜ ಬಲ್ಲ ಪಂಚಾಕ್ಷರಪ್ಪನವರಿಗೆ ಅದನ್ನು ಹೇಳುವ ಮನಸ್ಸಿರಲಿಲ್ಲ, ಕಾರಣವೂ ಇತ್ತು. ಉಳಿದವಳು ಉಷಾರಾಣಿ.

"ಕತ್ತರಿಸದೇ ಇರೋ ಫೋಟೋ ಕೊಡ್ರಿ. ನೋಡಿ ಮುಗಿಸಾಣ" ಎಂದರು ಹನುಮಂತಯ್ಯ.

ಓಬಳೇಶಪ್ಪ ಹಿಂದೆ ತಿರುಗಿದರು. ಉಷಾರಾಣಿ ಇಲ್ಲವೆಂದು ತಲೆಯಾಡಿಸಿದಳು. ಫೋಟೋ ಇಲ್ಲ, ಕಾರ್ಡು ಖಾಲಿ. ಅದರಲ್ಲಿ ಇದ್ದದ್ದೆಲ್ಲ ಈಗ ಅವಳ ತಲೆಯಲ್ಲಿ ಮಾತ್ರ ಇತ್ತು.

"ಹಂಗಾದ್ರೆ ಬೈಪಾಸ್" ಎಂದು ಹನುಮಂತಯ್ಯ ಪೆನ್ನು ಮತ್ತೆ ತೆರೆದು, ಕಾಗದ ಹತ್ತಿರ ಎಳೆದುಕೊಂಡರು. "ಯಾರನ್ನೂ ನೋಯಿಸದಂಗೆ ಬರೀತೀನಿ. ತಮಟೆ ನಿಂತಿತು, ಕಾರಣ ತಿಳಿದುಬಂದಿಲ್ಲ."

ಅದು ಉಷಾರಾಣಿಯದೇ ಸಾಲು. ಯಾರಿಗೂ ತಾಗಬಾರದೆಂದು ತಾನು ಕಾರಣವನ್ನು ಬಿಟ್ಟು ಬರೆದ ಜಾಗದಲ್ಲೇ ಇಬ್ಬರೂ ತಮ್ಮತಮ್ಮ ಕಾರಣ ತಂದು ತುಂಬಿದ್ದರು. ಈಗ ಸರ್ಕಾರವೂ ಅದೇ ಖಾಲಿ ಜಾಗಕ್ಕೆ ಮೊಹರು ಒತ್ತಲಿತ್ತು. ನಾಳೆ ಅಮ್ಮ ಲಾರಿಗಳ ನಡುವೆ ನಡೆಯುತ್ತಾಳೆ. ಮುಂದಿನ ವರ್ಷ ಯಾರೋ ಹೇಳುತ್ತಾರೆ, ಮಸೀದಿ ಬೀದಿಗೆ ಮೆರವಣಿಗೆ ಹೋಗುವುದಿಲ್ಲ, ಏನೋ ಗಲಾಟೆ ಆಗಿತ್ತಂತೆ ಎಂದು.

"ಸಾರ್."

ಯಾರೂ ಕೇಳಿಸಿಕೊಳ್ಳಲಿಲ್ಲ. ಚೇತನ್‌ಕುಮಾರ್ ಬೈಪಾಸ್‌ನಲ್ಲೇ ಧರಣಿ ಕೂರುತ್ತೇನೆ ಎನ್ನುತ್ತಿದ್ದ. ಪಂಚಾಕ್ಷರಪ್ಪ ಹಾಗಾದರೆ ತಾನು ಧರಣಿಯ ಪಕ್ಕದಲ್ಲೇ ಉಪವಾಸ ಮುಂದುವರಿಸುತ್ತೇನೆ ಎನ್ನುತ್ತಿದ್ದರು.

"ಸಾರ್!"

ಈ ಸಲ ಕ್ಯಾಲೆಂಡರು ಗೋಡೆಗೆ ಬಡಿದ ಹಾಗೆ ಸದ್ದು ಬಂತು. ಎಲ್ಲರೂ ತಿರುಗಿದರು. ಓಬಳೇಶಪ್ಪನವರ ಬಾಯಿ ತೆರೆದೇ ಉಳಿಯಿತು. ಎರಡು ವರ್ಷದಲ್ಲಿ ಅವರು ಆ ದನಿ ಕೇಳಿರಲಿಲ್ಲ.

"ನೀನ್ಯಾರಮ್ಮ?" ಎಂದರು ಹನುಮಂತಯ್ಯ.

ಹೆಸರು ಕೇಳಿದ್ದರು. ಉಷಾರಾಣಿ ನೀರಿಗಾಗಿ ಸುತ್ತ ನೋಡಿದಳು. ನೀರಿನ ಲೋಟ ಪಂಚಾಕ್ಷರಪ್ಪನವರ ಮುಂದಿತ್ತು. ಅದು ಬೇಡವೆಂದುಕೊಂಡಳು.

"ಆ ಸಾಲು ಬರೆದೋಳು ನಾನು ಸಾರ್. ಫೋಟೋ ಹಿಡಿದೋಳೂ ನಾನೇ, ಕತ್ತರಿಸಿದೋಳೂ ನಾನೇ. ಯಾರೂ ತಮಟೆ ನಿಲ್ಲಿಸಲಿಲ್ಲ, ಯಾರೂ ನಮನ ಮಾಡಲಿಲ್ಲ. ಮನೆಮನೆ ಮುಂದೆ ನೀರು ಹಾಕಿ ಹಾಕಿ ತಮಟೆ ನೆಂದಿತ್ತು, ಚರ್ಮ ಸಡಿಲಾಗಿ ದನಿನೇ ಬರ್ತಿರಲಿಲ್ಲ. ಮಸೀದಿ ಪಕ್ಕದ ಬುಡೇನ್ ಸಾಬರ ಬೇಕರಿ ಭಟ್ಟಿ ಮುಂದೆ ಹಿಡಿದು ಕಾಯಿಸ್ತಿದ್ರು. ಪ್ರತಿ ವರ್ಷ ಅಲ್ಲೇ ಕಾಯಿಸ್ತೀವಿ ಅಂತ ಚಿಕ್ಕತಿಮ್ಮಪ್ಪನೇ ಅವತ್ತು ಹೇಳಿದ. ಭಟ್ಟಿ ಫೋಟೋದಾಗೆ ಇತ್ತು ಸಾರ್. ಅದರ ಮುಂದೆ ಪಂಚಾಕ್ಷರಪ್ಪಾರು ನಿಂತಿದ್ರು ಅಂತ ಭಟ್ಟಿ ಸಮೇತ ಕತ್ತರಿಸಿಬಿಟ್ಟೆ."

ಹನುಮಂತಯ್ಯನವರ ಪೆನ್ನು ಕಾಗದದ ಮೇಲೆ ನಿಂತಿತು. ಚೇತನ್‌ಕುಮಾರ್ ನಿಧಾನವಾಗಿ ಕೂತ.

"ಭಟ್ಟಿ ಮುಂದೆ ಇವ್ರು ಏನ್ ಮಾಡ್ತಿದ್ರು?" ಹನುಮಂತಯ್ಯ ಕೇಳಿದರು.

ಪಂಚಾಕ್ಷರಪ್ಪನವರು ಗಟ್ಟಿಯಾಗಿ ಕೆಮ್ಮಿದರು. "ಅದೆಲ್ಲ ಯಾಕೆ ಬಿಡ್ರಿ ಸಾರ್, ತಮಟೆ ವಿಷ್ಯ ಇತ್ಯರ್ಥ ಆತಲ್ಲ. ಮಗಾ, ಕುಂತ್ಕಳಮ್ಮ ನೀನು."

ಉಷಾರಾಣಿ ಕೂರಲಿಲ್ಲ. ಗಂಟಲು ಈಗ ಪೂರ್ತಿ ತೆರೆದಿತ್ತು.

"ಬನ್ ತಿಂತಿದ್ರು ಸಾರ್" ಎಂದಳು. "ಬೆಣ್ಣೆ ಹಚ್ಚಿದ್ದು."