ಬೂದು ಗುಲಾಬಿ ಕಾಲರು

ಅಕ್ಕನ ಅಂಗಡಿಗೆ ಬಟ್ಟೆ ಹೊಲಿಸಲು ಬಂದವರು ಮೊದಲು ಮುಖ ತೊಳೆಯಬೇಕಿತ್ತು. ಪೌಡರು, ತುಟಿಯ ಬಣ್ಣ ಎಲ್ಲ ಹೋಗಬೇಕು. ಆಮೇಲೆ ಕೂದಲಿಗೊಂದು ಬಿಳಿ ವಸ್ತ್ರ, ಮೈಗೊಂದು ಬಿಳಿ ಹೊದಿಕೆ, ನೇರ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಒಂದು ಸ್ಟೂಲು. ಒಳಗಿನ ದೀಪಗಳನ್ನೆಲ್ಲ ಆರಿಸಿಬಿಟ್ಟು ಯಾವ ಬಣ್ಣ ಒಪ್ಪುತ್ತದೆಂದು ನೋಡಲು ಬಣ್ಣದ ಬಟ್ಟೆಯ ತುಂಡುಗಳನ್ನು ಒಂದಾದ ಮೇಲೊಂದು ಅವರ ಗಲ್ಲದ ಕೆಳಗೆ ಹಿಡಿಯುವುದು. ಹಿಡಿಯುವ ಕೈ ಗುಬ್ಬಿಯದು, ನೋಡುವ ಕಣ್ಣು ಅಕ್ಕನದು.

ಗುಬ್ಬಿ ಅಕ್ಕನ ಒಬ್ಬಳೇ ತಂಗಿ. ಹೊಲಿಗೆ ಯಂತ್ರದ ಮುಂದೆ ಕೂತಾಗಲೂ ಏನಾದರೊಂದನ್ನು ಗಟ್ಟಿಯಾಗಿ ಓದಿಕೊಳ್ಳುವ ಹುಡುಗಿ. ಬಟ್ಟೆ ಸುತ್ತಿ ಬಂದ ಹಳೇ ಪತ್ರಿಕೆಯಾದರೂ ಆದೀತು, ಗುಂಡಿ ಡಬ್ಬಿಯ ಮೇಲಿನ ಬರಹವಾದರೂ ಆದೀತು. ಅಜ್ಜಿ ಕಥೆ ಹೇಳುತ್ತಾ ನಿದ್ದೆ ಹೋದರೆ ಉಳಿದರ್ಧವನ್ನು ತಾನೇ ಹೇಳಿ ಮುಗಿಸುತ್ತಿದ್ದವಳು ಅವಳು. ಟಿವಿಯಲ್ಲಿ ಸುದ್ದಿ ಓದಬೇಕೆಂಬ ಆಸೆ ಅಲ್ಲಿಂದಲೇ ಹುಟ್ಟಿದ್ದಿರಬೇಕು. ಹಿಂದೊಮ್ಮೆ ವಾಹಿನಿಯವರು ಕರೆದಿದ್ದರು. ಅಕ್ಕ ಮುತುವರ್ಜಿಯಿಂದ ತಿಳಿನೀಲಿ ಅಂಗಿ ಹೊಲಿದು ಕಳಿಸಿದ್ದಳು. ದನಿ ಕೇಳಿದವರು ತಲೆದೂಗಿದರು. ಪರದೆ ನೋಡಿದವರು, "ಮುಖ ಮಾತ್ರ ಜ್ವರ ಬಿಟ್ಟು ಎದ್ದು ಬಂದೋರ ಹಾಗಿದೆಯಲ್ಲ" ಎಂದರು. ದನಿಯ ಮೇಲಿನ ಆಸೆ ಬಿಡಲಾರದೆ ಈಗ ಇನ್ನೊಂದೇ ಒಂದು ಸಲ ಕರೆದಿದ್ದರು. ನಾಳೆಯೇ ಹೋಗಬೇಕಿತ್ತು. ಗೂಟದಲ್ಲಿ ಹೊಸ ಕೋಟು ತೂಗುತ್ತಿತ್ತು; ಅದಕ್ಕೆ ಬೂದು ಮಿಶ್ರಿತ ಗುಲಾಬಿ ಬಣ್ಣದ ಕಾಲರು. ಬಣ್ಣ ಆರಿಸಿದ್ದು ಅಕ್ಕ, ಹೊಲಿದದ್ದು ಗುಬ್ಬಿಯೇ.

ಅವಳನ್ನು ಆ ಸ್ಟೂಲಿನ ಮೇಲೆ ಅಕ್ಕ ಎಂದೂ ಕೂರಿಸಿರಲಿಲ್ಲ. "ನಿನ್ನ ಮುಖ ನಂಗೆ ಬಾಯಿಪಾಠ ಕಣೇ. ಒಂದೇ ಹೊಟ್ಟೇಲಿ ಹುಟ್ಟಿದೋರು, ನಿಂದೂ ನನ್ನ ಹಾಗೇ ನೀಲಿ ಕಡೆಗೆ ವಾಲೋ ಚರ್ಮ, ತಿಳಿನೀಲಿ, ಬೂದು ಗುಲಾಬಿ ಅಂಥವೇ ಒಪ್ಪೋದು" ಎನ್ನುತ್ತಿದ್ದಳು. ಚಿಕ್ಕಂದಿನಿಂದಲೂ ಇಬ್ಬರಿಗೂ ಒಂದೇ ತಾನಿನ ಬಟ್ಟೆ. ನೋಡಿದವರು ದೊಡ್ಡವಳ ಕೆನ್ನೆ ಹಿಂಡಿ, ಚಿಕ್ಕವಳತ್ತ ತಿರುಗಿ, "ಇವಳು ಸರಿಯಾಗಿ ಊಟ ಮಾಡಲ್ವಾ?" ಎಂದು ಕೇಳುತ್ತಿದ್ದರು. ಗುಬ್ಬಿ ಹೊಟ್ಟೆತುಂಬ ತಿನ್ನುತ್ತಿದ್ದಳು.

ಆ ದಿನ ಬಂದವರು ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಶಾಲೆಯ ಗೋಡೆಗೆ ಹಾಕಲು ಅವರ ಫೋಟೋ ತೆಗೆಯುವವರಿದ್ದರು.

"ನೋಡಮ್ಮ, ನಾನು ರಿಟೈರ್ ಆದ್ಮೇಲೂ ಆ ಫೋಟೋ ಮಕ್ಕಳನ್ನ ಹೆದರಿಸ್ತಾ ಇರ್ಬೇಕು. ಅಂಥಾ ಬಣ್ಣ ಕೊಡು" ಎಂದರು.

"ಹೆದರಿಸೋ ಕೆಲಸ ನಿಮ್ಮ ಕಣ್ಣೇ ಮಾಡುತ್ತೆ ಮೇಡಂ, ಬಣ್ಣ ಯಾಕೆ" ಎಂದು ಅಕ್ಕ ನಕ್ಕಳು. "ಗುಬ್ಬೀ, ಬೂದು ಗುಲಾಬಿ ಹಿಡಿ."

ಗುಬ್ಬಿ ಹಿಂದಿನಿಂದ ಬಾಗಿ ಹಿಡಿದಳು. ಅಕ್ಕ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದಳು.

"ಬಟ್ಟೆ ನೋಡ್ಬೇಡಿ ಮೇಡಂ, ಕನ್ನಡೀಲಿ ನಿಮ್ಮ ಮುಖ ನೋಡಿ. ಕಣ್ಣಿನ ಕೆಳಗೆ ಕಪ್ಪು ಎದ್ದು ಬಂತಲ್ವಾ? ಬಾಯಿ ಪಕ್ಕದ ಗೆರೆ ಆಳ ಆಯ್ತು. ಮುಖ ಪೂರ್ತಿ ಹಸಿರು ಹಳದಿಗೆ ತಿರುಗ್ತು."

"ನಮ್ಮನೆಯವರು ದಿನಾ ಕೇಳೋದು ಅದನ್ನೇ, ಮೈ ಹುಷಾರಿಲ್ವಾ ಅಂತ. ವಯಸ್ಸು ಅಂದ್ಕೊಂಡಿದ್ದೆ."

"ವಯಸ್ಸಲ್ಲ, ಬಟ್ಟೆ. ಬೆಳ್ಳಗೋ ಕಪ್ಪಗೋ ಅನ್ನೋದು ಬೇರೆ, ಚರ್ಮದ ಒಳಬಣ್ಣ ಬೇರೆ. ನಿಮ್ಮ ಒಳಬಣ್ಣ ಹಳದಿ ಕಡೆಗಿದೆ. ಸೀರೆ, ಪ್ಯಾಂಟು ಯಾವ ಬಣ್ಣದ್ದಾದ್ರೂ ಇರ್ಲಿ, ಕತ್ತಿನ ಹತ್ರ ಬರೋದು ಮಾತ್ರ ನೋಡ್ಕೊಳ್ಳಿ. ಅದರ ಛಾಯೆ ಮುಖಕ್ಕೆ ಹೊಡೆಯುತ್ತೆ. ಗುಬ್ಬೀ, ಇಟ್ಟಿಗೆ ಕೆಂಪು."

ಗುಬ್ಬಿ ತುಂಡು ಬದಲಿಸಿದಳು. ಕನ್ನಡಿಯಲ್ಲಿದ್ದ ಹೆಂಗಸು ಚೆನ್ನಾಗಿ ನಿದ್ದೆ ಮಾಡಿ ಎದ್ದಂತೆ ಕಂಡರು. ಬಟ್ಟೆ ಹಿಂದೆ ಸರಿದು ಮುಖ ಮುಂದೆ ಬಂದಿತ್ತು. "ಅಯ್ಯೋ, ಇದು ನಾನೇನಾ" ಎಂದರು ಮೆಲ್ಲಗೆ.

ಗುಬ್ಬಿ ಅವರ ಮುಖ ನೋಡುತ್ತಿರಲಿಲ್ಲ. ಬಟ್ಟೆ ಹಿಡಿದ ಅವಳ ಕೈ ಅವರ ಕತ್ತಿಗೆ ತಾಗಿಕೊಂಡಿತ್ತು. ಕನ್ನಡಿಯಲ್ಲಿ ಕತ್ತು ಎಲ್ಲಿ ಮುಗಿಯಿತು, ತನ್ನ ಕೈ ಎಲ್ಲಿ ಶುರುವಾಯಿತು ಎಂದು ಗೊತ್ತಾಗಲಿಲ್ಲ. ಒಂದೇ ಮಣ್ಣಿನಲ್ಲಿ ಮಾಡಿದ ಹಾಗಿತ್ತು.

ಅಳತೆ ಮುಗಿದ ಮೇಲೆ ಅಕ್ಕ ಅವರನ್ನು ಬೀದಿಯವರೆಗೆ ಬಿಟ್ಟುಬರಲು ಹೋದಳು. ಗುಬ್ಬಿ ಮುಖ ತೊಳೆದುಕೊಂಡು ಬಿಳಿ ಹೊದಿಕೆ ಹೊದ್ದು ಸ್ಟೂಲಿನ ಮೇಲೆ ಕೂತಳು. ಕೈಯ ಬಣ್ಣ ನೋಡಿ ಮುಖದ ಮಾತು ಹೇಳಬಾರದೆಂದು ಅಕ್ಕನೇ ಕಲಿಸಿದ್ದಳು. ತನ್ನ ಅನುಮಾನ ತಪ್ಪಾಗಿರಲಿ ಎಂದು ಬೇಡಿಕೊಳ್ಳುತ್ತಲೇ ಬೂದು ಗುಲಾಬಿಯನ್ನು ಗಲ್ಲದ ಕೆಳಗೆ ಹಿಡಿದಳು. ಕನ್ನಡಿಯಲ್ಲಿ ಜ್ವರದ ಹುಡುಗಿ ಇದ್ದಳು, ಊಟ ಮಾಡದ ಹುಡುಗಿ. ಇಟ್ಟಿಗೆ ಕೆಂಪು ಹಿಡಿದಳು. ಆ ಮುಖವನ್ನು ಅವಳು ಎಂದೂ ಕಂಡಿರಲಿಲ್ಲ.

ಬಾಗಿಲಲ್ಲಿ ಅಕ್ಕ ನಿಂತಿದ್ದಳು.

"ಎಷ್ಟು ದಿನದಿಂದ ಗೊತ್ತು?" ಗುಬ್ಬಿ ತಿರುಗದೆಯೇ ಕೇಳಿದಳು.

"ಏನು ಗೊತ್ತು?"

"ಅಕ್ಕ."

ಅಕ್ಕ ಒಳಗೆ ಬಂದಳು. ಮೇಜಿನ ಮೇಲೆ ಚೆಲ್ಲಿದ್ದ ತುಂಡುಗಳನ್ನು ಮಡಿಸತೊಡಗಿದಳು.

"ಚಿಕ್ಕೋರಿದ್ದಾಗ ಗೊತ್ತಿರಲಿಲ್ಲ, ಆಣೆ. ಈ ಕೆಲಸ ಕಲಿತ ಮೇಲೆ ಗೊತ್ತಾಯ್ತು."

"ತಿಳಿನೀಲಿ ಅಂಗಿ ಹೊಲಿದಾಗ?"

ಅಕ್ಕ ಇನ್ನೊಂದು ತುಂಡು ಎತ್ತಿಕೊಂಡು ಅಂಚಿಗೆ ಅಂಚು ಕೂಡಿಸಿದಳು.

"ಅವರು ಜ್ವರ ಅಂದ್ರು ಅಂತ ನಾನು ಅತ್ತಾಗ ತಲೆ ಸವರಿದ್ಯಲ್ಲ, ಆಗ?"

"ನೀನು ಹೋಗ್ಬಿಡ್ತೀಯ ಗುಬ್ಬಿ. ಒಂದು ಸಲ ಆ ಪರದೇಲಿ ಕಂಡ್ರೆ ಇಲ್ಲಿ ಬಂದು ಕಾಲರ್ ಹೊಲಿಯೋಕೆ ಕೂರ್ತೀಯಾ? ನಿನ್ನ ಸಾಕಿದ್ದು ನಾನು. ನಂಗೆ ಬೇರೆ ಯಾರಿದ್ದಾರೆ?" ಅಕ್ಕನ ಕೈ ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿತ್ತು. "ದನಿ ನಿಂಗೆ ಬಂತು, ಓದು ನಿಂಗೆ ಬಂತು. ನೋಡೋಕೆ ಚೆಂದ ಅನ್ನೋದೊಂದು ನನ್ನ ಪಾಲಿಗಿತ್ತು. ಅದೂ ನಿಂಗೇನಾ?"

"ಇವತ್ತು ಆ ಮೇಡಂಗೆ ನಿಜ ಹೇಳಿದ್ಯಲ್ಲ."

"ಅವರು ಗಿರಾಕಿ" ಎಂದಳು ಅಕ್ಕ. ಹೇಳಿದ ಮೇಲೆ ತನಗೇ ಆ ಮಾತು ಕೇಳಿಸಿದಂತೆ ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟಳು.

ಅಜ್ಜಿಯ ಕಥೆಗಳಲ್ಲಿ ಕಳ್ಳಿ ಯಾವತ್ತೂ ಹೊರಗಿನಿಂದ ಬರುತ್ತಿದ್ದಳು. ರಾಜಕುಮಾರಿಯ ರೂಪ ಕದಿಯುವ ಮಾಯಾವಿ ಏಳು ಕಡಲು ದಾಟಿ, ವೇಷ ಹಾಕಿ ಬರುತ್ತಿದ್ದಳು. ದಿನಾ ತಲೆ ಬಾಚಿ, ಜಡೆ ಹೆಣೆದು, ಕೈತುತ್ತು ಕೊಟ್ಟು ಕದಿಯುವವರ ಕಥೆಯನ್ನು ಅಜ್ಜಿ ಹೇಳಿರಲಿಲ್ಲ. ಅಜ್ಜಿಗೂ ಗೊತ್ತಿರಲಿಲ್ಲವೋ, ಗೊತ್ತಿದ್ದೇ ಅಲ್ಲಿಗೆ ಬರುವಾಗ ನಿದ್ದೆ ಹೋಗುತ್ತಿದ್ದಳೋ.

ಗುಬ್ಬಿ ಕೋಟನ್ನು ಇಳಿಸಿ ಕಾಲರಿನ ಹೊಲಿಗೆ ಬಿಚ್ಚಲು ಕೂತಳು. ಬಿಗಿಯಾಗಿ ಬರಲೆಂದು ಹತ್ತಿರ ಹತ್ತಿರ ಹಾಕಿದ್ದ ಹೊಲಿಗೆ. ಬಿಚ್ಚುವುದೇ ಕಷ್ಟವಾಯಿತು.

"ಕೊಡು, ನಾನು ಬಿಚ್ತೀನಿ" ಎಂದು ಅಕ್ಕ ಕೈಚಾಚಿದಳು.

"ಮುಟ್ಬೇಡ."

ಇಟ್ಟಿಗೆ ಕೆಂಪು ಬಟ್ಟೆಯನ್ನು ತಾನೇ ಕತ್ತರಿಸಿ ತಾನೇ ಹೊಲಿದಳು. ಕತ್ತರಿಯ ಕೆಲಸ ಯಾವತ್ತೂ ಅಕ್ಕನದಾಗಿದ್ದರಿಂದ ಎಡತುದಿ ಬಲತುದಿಗಿಂತ ಕೂದಲೆಳೆಯಷ್ಟು ಓರೆಯಾಯಿತು. ಹಾಗೇ ಬಿಟ್ಟಳು. ಯಂತ್ರ ಓಡುವಷ್ಟು ಹೊತ್ತೂ ಗುಬ್ಬಿ ಏನನ್ನೂ ಓದಿಕೊಳ್ಳಲಿಲ್ಲ.

ಬೆಳಿಗ್ಗೆ ಕೋಟು ತೊಟ್ಟು ಹೊರಟಾಗ ಅಕ್ಕ ಕಿಟಕಿಯ ಪಕ್ಕ ನಿಂತಿದ್ದಳು. ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿದಳು. "ಚೆನ್ನಾಗಿ ಕಾಣ್ತೀಯ ಗುಬ್ಬಿ. ಕಣ್ಣಿನ ಕೆಳಗಿನ ಕಪ್ಪು ಪೂರ್ತಿ ಹೋಗಿದೆ."

ಹುಟ್ಟಿದಾಗಿನಿಂದ ಅಕ್ಕನ ಬಾಯಿಂದ ಕೇಳಬೇಕೆಂದಿದ್ದ ಮಾತು. ಗುಬ್ಬಿ ಒಳಗೆ ಹೋಗಿ ಕನ್ನಡಿಯಲ್ಲಿ ನೋಡಿಕೊಂಡಳು. ಅಕ್ಕ ಹೇಳಿದ್ದು ನಿಜವೇ ಆಗಿತ್ತು. ಬೀದಿಗೆ ಬಂದ ಮೇಲೂ ನಂಬಿಕೆ ಬರದೆ ಪಕ್ಕದ ಅಂಗಡಿಯ ಗಾಜಿನಲ್ಲಿ ಮತ್ತೊಮ್ಮೆ ನೋಡಿಕೊಂಡಳು.

ವಾಹಿನಿಯ ಕೋಣೆಯಲ್ಲಿ ಅವಳು ಓದಿ ಮುಗಿಸಿದಾಗ ಆಯ್ಕೆಗೆ ಕೂತಿದ್ದ ಹೆಂಗಸು ಪರದೆಯಿಂದ ತಲೆ ಎತ್ತಿದಳು.

"ಸೋಮವಾರದಿಂದ ಬರ್ತೀರಾ?" ಎಂದು ಕೇಳಿ, ಮತ್ತೆ ಪರದೆ ನೋಡಿ ನಕ್ಕಳು. "ಅಲ್ಲ, ಹೋದ ಸಲ ಬಂದಿದ್ದು ನೀವೇನಾ? ಇಲ್ಲ, ನಿಮ್ಮ ಅಕ್ಕನಾ?"

"ನಾನೇ" ಎಂದಳು ಗುಬ್ಬಿ. "ಬಟ್ಟೆ ಅಕ್ಕ ಆರಿಸಿದ್ದು."

"ಪಾಪ, ಅವರಿಗೆ ಬಣ್ಣ ಗೊತ್ತಾಗಲ್ಲ ಅನ್ಸುತ್ತೆ."

ಗುಬ್ಬಿ ಕಾಲರಿನ ಓರೆ ತುದಿಯನ್ನು ಬೆರಳಿನಿಂದ ಸರಿಮಾಡಿಕೊಂಡಳು.

"ಚೆನ್ನಾಗಿ ಗೊತ್ತಾಗುತ್ತೆ" ಎಂದಳು.